ತೀರಿಕೊಂಡವರ ಆಸ್ತಿಗೆ ಯಾವ ಕಾಗದ ಬೇಕು?

ಮನೆಯ ಯಜಮಾನರು ತೀರಿಹೋಗಿ ತಿಂಗಳು ಕಳೆದಿರುತ್ತದೆ. ಮರಣ ಪ್ರಮಾಣಪತ್ರ ಹಿಡಿದು ಮಗ ಬ್ಯಾಂಕಿಗೆ ಹೋದರೆ, ‘ನಾಮಿನಿ ಹೆಸರಿಲ್ಲ, ಕೋರ್ಟಿನಿಂದ ಸರ್ಟಿಫಿಕೇಟ್ ತನ್ನಿ’ ಎಂಬ ಉತ್ತರ ಬರುತ್ತದೆ. ಯಾವ ಸರ್ಟಿಫಿಕೇಟ್ ಎಂದು ಕೌಂಟರಿನವರು ಬಿಡಿಸಿ ಹೇಳುವುದು ಅಪರೂಪ. ಒಬ್ಬರು ಪ್ರೊಬೇಟ್ ಅನ್ನುತ್ತಾರೆ, ಇನ್ನೊಬ್ಬರು ಸಕ್ಸೆಷನ್ ಸರ್ಟಿಫಿಕೇಟ್ ಅನ್ನುತ್ತಾರೆ, ನೆಂಟರಲ್ಲಿ ಯಾರೋ ‘ವಂಶವೃಕ್ಷ ಇದ್ದರೆ ಸಾಕು’ ಅನ್ನುತ್ತಾರೆ. ಮೂವರ ಮಾತೂ ಒಂದೊಂದು ಸಂದರ್ಭಕ್ಕೆ ಸರಿ. ಯಾವ ಸಂದರ್ಭ ಎಂದು ಮೊದಲೇ ನೋಡಿಕೊಳ್ಳದವರು ಬೇಡದ ಕಾಗದಕ್ಕಾಗಿ ತಿಂಗಳುಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ.

ಎರಡಕ್ಕೂ ಮೂಲ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಆದರೆ ಎರಡರ ಕೆಲಸ ಬೇರೆ ಬೇರೆ. ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದು ಎಂದು ನ್ಯಾಯಾಲಯ ಒಪ್ಪಿ, ಅದರ ಪ್ರತಿಗೆ ಮೊಹರು ಹಾಕಿ, ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕರಿಗೆ ಅದರಂತೆ ಆಸ್ತಿ ಹಂಚುವ ಅಧಿಕಾರ ಕೊಡುವುದು. ಉಯಿಲು ಇಲ್ಲದಿದ್ದರೆ ಪ್ರೊಬೇಟ್ ಮಾತೇ ಏಳುವುದಿಲ್ಲ. ಉಯಿಲು ಇದ್ದರೂ ಅದರಲ್ಲಿ ನಿರ್ವಾಹಕರ ಹೆಸರಿಲ್ಲದಿದ್ದರೆ ಪ್ರೊಬೇಟ್ ಸಿಗದು. ಆಗ ಕೇಳಬೇಕಾದದ್ದು ಉಯಿಲು ಲಗತ್ತಿಸಿದ ಆಡಳಿತ ಪತ್ರವನ್ನು, ವಕೀಲರ ಮಾತಿನಲ್ಲಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್.

ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ಉತ್ತರಾಧಿಕಾರ ಪತ್ರ, ಇದಕ್ಕಿಂತ ಚಿಕ್ಕ ಕೆಲಸಕ್ಕೆ ಹುಟ್ಟಿದ್ದು. ತೀರಿಕೊಂಡವರಿಗೆ ಯಾರಿಂದಲೋ ಬರಬೇಕಾದ ಹಣವನ್ನು ವಸೂಲು ಮಾಡಲು, ಅವರ ಹೆಸರಿನ ಷೇರು, ಬಾಂಡ್‌ಗಳನ್ನು ವರ್ಗಾಯಿಸಿಕೊಳ್ಳಲು ಅದು ಅಧಿಕಾರ ಕೊಡುತ್ತದೆ. ಬ್ಯಾಂಕಿನ ಠೇವಣಿ ಕಾನೂನಿನ ಕಣ್ಣಿಗೆ ಬ್ಯಾಂಕು ಗ್ರಾಹಕರಿಗೆ ತೀರಿಸಬೇಕಾದ ಸಾಲ. ಆದ್ದರಿಂದ ಎಫ್‌ಡಿ ಇದರೊಳಗೆ ಬರುತ್ತದೆ. ಮನೆ, ಸೈಟು, ಜಮೀನು ಬರುವುದಿಲ್ಲ. ಲಾಕರಿನಲ್ಲಿಟ್ಟ ಒಡವೆಯೂ ಬರುವುದಿಲ್ಲ, ಏಕೆಂದರೆ ಅದು ಸಾಲವೂ ಅಲ್ಲ, ಷೇರಿನಂಥ ಪತ್ರವೂ ಅಲ್ಲ. ಸೈಟಿನ ಖಾತೆ ಬದಲಾಯಿಸಲು ಉತ್ತರಾಧಿಕಾರ ಪತ್ರಕ್ಕೆ ಅರ್ಜಿ ಹಾಕುವುದು ಜನ ಅತಿ ಹೆಚ್ಚು ಎಡವುವ ಜಾಗ. ನ್ಯಾಯಾಧೀಶರು ಸೈಟನ್ನು ಪಟ್ಟಿಯಿಂದ ಕೈಬಿಡುತ್ತಾರೆ, ಅಷ್ಟರಲ್ಲಿ ಅರ್ಧ ವರ್ಷ ಹೋಗಿರುತ್ತದೆ.

ಹಾಗಾದರೆ ನಾಮಿನಿ ಇದ್ದರೆ ಎಲ್ಲ ಸಲೀಸೇ? ಹಣ ಕೈಗೆ ಬರುವ ಮಟ್ಟಿಗೆ ಸಲೀಸು. ನಾಮಿನಿ ಇದ್ದಲ್ಲಿ ಬ್ಯಾಂಕು ಕೋರ್ಟಿನ ಕಾಗದಕ್ಕೆ ಒತ್ತಾಯಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ ಹಳೆಯ ನಿಯಮ. ಆದರೆ ಕೈಗೆ ಬಂದದ್ದೆಲ್ಲ ನಾಮಿನಿಯದೇ ಆಗುವುದಿಲ್ಲ. ಇದನ್ನು ಸುಪ್ರೀಂ ಕೋರ್ಟ್ 1984ರ ಸರ್ಬತಿ ದೇವಿ ಪ್ರಕರಣದಲ್ಲಿ ಇತ್ಯರ್ಥ ಮಾಡಿತು. ಉಯಿಲು ಬರೆಯದೆ ತೀರಿಕೊಂಡ ಒಬ್ಬರ ಜೀವ ವಿಮೆಗೆ ಹೆಂಡತಿ ನಾಮಿನಿಯಾಗಿದ್ದರು. ತಾಯಿ ಮತ್ತು ಮಗ ತಮ್ಮ ಪಾಲು ಕೇಳಿದರು. ನಾಮಿನಿ ಹಣ ಪಡೆದುಕೊಳ್ಳುವ ಕೈ ಮಾತ್ರ, ಪಾಲು ವಾರಸುದಾರರಿಗೆಲ್ಲ ಸೇರಬೇಕು ಎಂದು ತೀರ್ಪು ಬಂತು. 2015ರ ತಿದ್ದುಪಡಿಯ ನಂತರ ವಿಮೆಯಲ್ಲಿ ಮಾತ್ರ ಲೆಕ್ಕ ಬದಲಾಗಿದೆ. ಅಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಎಂದು ಕಾಯ್ದೆ ಹೇಳುತ್ತದೆ. ಷೇರುಗಳ ವಿಷಯದಲ್ಲಿ ಹಳೆಯ ತತ್ವವೇ ಉಳಿದಿದೆ. ಕಂಪನಿ ಕಾಯ್ದೆಯ ನಾಮಿನಿ ಉತ್ತರಾಧಿಕಾರದ ಕಾನೂನನ್ನು ಮೀರಿಸಲಾರ ಎಂದು 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಂದು ಸಂಸಾರವನ್ನು ಕಲ್ಪಿಸಿಕೊಂಡು ಇದನ್ನು ಲೆಕ್ಕ ಹಾಕಿ ನೋಡೋಣ. ಮೈಸೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಉಯಿಲು ಬರೆಯದೆ ತೀರಿಕೊಂಡರು. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಅಮೆರಿಕದಲ್ಲಿ ಮಗಳು, ಜೊತೆಗೆ ಎಂಬತ್ತು ದಾಟಿದ ತಾಯಿ. ಮೇಷ್ಟ್ರ ಸ್ವಯಾರ್ಜಿತ ಆಸ್ತಿ ಇಷ್ಟು: ಹೆಂಡತಿಯೊಂದಿಗೆ ಜಂಟಿಯಾಗಿದ್ದ ಉಳಿತಾಯ ಖಾತೆಯಲ್ಲಿ 3 ಲಕ್ಷ, ಒಂದು ಬ್ಯಾಂಕಿನಲ್ಲಿ ನಾಮಿನಿ ಇಲ್ಲದ 22 ಲಕ್ಷದ ಎಫ್‌ಡಿ, ಸಹಕಾರಿ ಬ್ಯಾಂಕೊಂದರಲ್ಲಿ 2 ಲಕ್ಷ, ಒಂದು ಮನೆ.

ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ನಾಲ್ವರಿಗೂ ಸಮಪಾಲು, ತಲಾ ಕಾಲು ಭಾಗ. ಇಲ್ಲಿ ಮರೆತುಹೋಗುವವರು ತಾಯಿ. ‘ಅಜ್ಜಿಗೆ ಯಾಕೆ ಕೋರ್ಟು ಕಚೇರಿ’ ಎಂದು ಪ್ರೀತಿಯಿಂದಲೇ ಅವರ ಹೆಸರು ಬಿಟ್ಟು ಅರ್ಜಿ ಹಾಕುವುದುಂಟು. ಹತ್ತಿರದ ಬಂಧುಗಳ ಹೆಸರು, ವಿಳಾಸ ಅರ್ಜಿಯಲ್ಲಿ ಇರಲೇಬೇಕು. ಮಹತ್ವದ ಸಂಗತಿ ಮುಚ್ಚಿಟ್ಟು ಪಡೆದ ಪತ್ರವನ್ನು ಕೋರ್ಟು ರದ್ದು ಮಾಡಬಹುದು. ತಾಯಿಗೆ ಪಾಲು ಬೇಡವೆಂದಾದರೆ ಅವರನ್ನು ಪಕ್ಷಗಾರರಾಗಿ ಸೇರಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಹಾಜರುಪಡಿಸುವುದೇ ಸರಿಯಾದ ದಾರಿ.

ಈಗ ಒಂದೊಂದೇ ಆಸ್ತಿ. ಜಂಟಿ ಖಾತೆ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನದಾದರೆ, ಮರಣ ಪ್ರಮಾಣಪತ್ರ ಮತ್ತು ಗುರುತಿನ ದಾಖಲೆ ಕೊಟ್ಟು ಹೆಂಡತಿ ಹಣ ಪಡೆಯಬಹುದು. ಸಹಕಾರಿ ಬ್ಯಾಂಕಿನ 2 ಲಕ್ಷಕ್ಕೂ ಕೋರ್ಟು ಬೇಡ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ನಾಮಿನಿ ಇಲ್ಲದ ಖಾತೆಯಲ್ಲಿ ಸಹಕಾರಿ ಬ್ಯಾಂಕಾದರೆ 5 ಲಕ್ಷ, ವಾಣಿಜ್ಯ ಬ್ಯಾಂಕಾದರೆ 15 ಲಕ್ಷ ರೂಪಾಯಿವರೆಗಿನ ಹಣವನ್ನು ಸರಳ ವಿಧಾನದಲ್ಲೇ ಕೊಡಬೇಕು. ವಾರಸುದಾರರು ಮುಚ್ಚಳಿಕೆ ಬರೆದುಕೊಡಬೇಕು, ಪಾಲು ಬಿಟ್ಟುಕೊಡುವವರು ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಬೇಕು. ದಾಖಲೆ ಪೂರ್ತಿ ಕೈಸೇರಿದ 15 ದಿನಗಳೊಳಗೆ ಇತ್ಯರ್ಥ ಮಾಡುವುದು ಬ್ಯಾಂಕಿನ ಹೊಣೆ. ಬ್ಯಾಂಕುಗಳು ಇದನ್ನು 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕು ಎಂದೂ ಅದರಲ್ಲಿದೆ.

ಮನೆಗೆ ಉತ್ತರಾಧಿಕಾರ ಪತ್ರ ಬೇಕಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಾಲ್ವರ ಹೆಸರಿಗೂ ಖಾತೆ ಮಾಡಿಸಬಹುದು. ಹಳ್ಳಿಯ ಜಮೀನಾದರೆ ಇದೇ ಪೌತಿ ಖಾತೆ. ಮನೆ ಮಗನೊಬ್ಬನಿಗೆ ಹೋಗಬೇಕೆಂದರೆ ಉಳಿದವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಜಗಳವಿದ್ದರೆ ವಿಭಾಗದ ದಾವೆಯೇ ಗತಿ.

ಉಳಿದದ್ದು 22 ಲಕ್ಷದ ಎಫ್‌ಡಿ. ಮಿತಿ ದಾಟಿರುವುದರಿಂದ ಬ್ಯಾಂಕು ಉತ್ತರಾಧಿಕಾರ ಪತ್ರ ಕೇಳಬಹುದು. ಕೋರ್ಟಿಗೆ ಹೋಗುವ ಮುನ್ನ, ತಹಶೀಲ್ದಾರ್ ಮಟ್ಟದ ವಾರಸುದಾರರ ದೃಢೀಕರಣ ಸಾಕಾಗುವುದೇ ಎಂದು ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯುವುದು ಜಾಣತನ. ಬಾಯಿಮಾತಿನ ‘ತನ್ನಿ’ಗಿಂತ ಆ ಒಂದು ಹಾಳೆ ಎಷ್ಟೋ ಮೇಲು.

ಕೋರ್ಟೇ ಬೇಕೆಂದಾದರೆ ಅರ್ಜಿ ಹೋಗಬೇಕಾದದ್ದು ಬ್ಯಾಂಕು ಇರುವ ಊರಿಗಲ್ಲ, ತೀರಿಕೊಂಡವರು ಸಾಯುವಾಗ ವಾಸವಿದ್ದ ಊರಿನ ನ್ಯಾಯಾಲಯಕ್ಕೆ. ಕರ್ನಾಟಕದ ಕೋರ್ಟುಗಳಲ್ಲಿ ಪ್ರೊಬೇಟ್ ಮತ್ತು ಉತ್ತರಾಧಿಕಾರ ಪತ್ರದ ಅರ್ಜಿಗಳೆರಡಕ್ಕೂ ‘ಪಿ ಅಂಡ್ ಎಸ್‌ಸಿ’ ಎಂದೇ ಸಂಖ್ಯೆ ಬೀಳುತ್ತದೆ. ಶುಲ್ಕ ವಸೂಲಾಗಬೇಕಾದ ಮೊತ್ತದ ಮೇಲೆ ನಿಗದಿಯಾಗುತ್ತದೆ ಮತ್ತು ಅದನ್ನು ಅರ್ಜಿಯ ಜೊತೆಗೇ ಠೇವಣಿ ಇಡಬೇಕು. ಬಂಧುಗಳಿಗೆ ನೋಟಿಸು ಹೋಗುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ತಕರಾರು ಬಾರದಿದ್ದರೆ ಅರ್ಜಿದಾರರು ಪ್ರಮಾಣಪತ್ರದ ಮೂಲಕ ಸಾಕ್ಷ್ಯ ಹೇಳಿ ದಾಖಲೆಗಳನ್ನು ಗುರುತಿಸುತ್ತಾರೆ. ತಕರಾರಿಲ್ಲದ ಅರ್ಜಿಗೂ ಕೆಲವು ತಿಂಗಳು ಹಿಡಿಯುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ಅರ್ಜಿಯ ಕೊನೆಯಲ್ಲಿರುವ ಷೆಡ್ಯೂಲಿನಲ್ಲಿ. ಕೋರ್ಟು ಕೊಡುವ ಪತ್ರ ಅಲ್ಲಿ ಪಟ್ಟಿ ಮಾಡಿದ ಖಾತೆಗಳಿಗೆ ಮಾತ್ರ ನಡೆಯುತ್ತದೆ. ಎಫ್‌ಡಿ ನವೀಕರಣವಾಗಿ ಹೊಸ ಸಂಖ್ಯೆ ಬಂದಿರುತ್ತದೆ, ಅರ್ಜಿಯಲ್ಲಿ ಹಳೆಯ ರಸೀದಿಯ ಸಂಖ್ಯೆ ಇರುತ್ತದೆ. ಬ್ಯಾಂಕು ಹಣ ಕೊಡದೆ ಹಿಂದಿರುಗಿಸುತ್ತದೆ. ಆದ್ದರಿಂದ ಅರ್ಜಿಗೆ ಮೊದಲು ಬ್ಯಾಂಕಿನಿಂದ ಇವತ್ತಿನ ಸಂಖ್ಯೆ, ಇವತ್ತಿನ ಬಾಕಿ ಬರೆದ ಪತ್ರ ಪಡೆಯಬೇಕು, ‘ಇದುವರೆಗಿನ ಮತ್ತು ಮುಂದಿನ ಬಡ್ಡಿ ಸಹಿತ’ ಎಂದು ಷೆಡ್ಯೂಲಿನಲ್ಲಿ ಸೇರಿಸಬೇಕು. ಪತ್ರ ಬಂದ ಮೇಲೆ ಇನ್ನೊಂದು ಖಾತೆ ಸಿಕ್ಕಿತೆನ್ನಿ, ಹೊಸದಾಗಿ ಮೊದಲಿನಿಂದ ಶುರುಮಾಡಬೇಕಿಲ್ಲ. ಅದೇ ಪತ್ರವನ್ನು ವಿಸ್ತರಿಸಿ ಎಂದು 376ನೇ ಕಲಮಿನಡಿ ಕೇಳಬಹುದು.

ಪತ್ರ ಸಿಕ್ಕವರು ಹಣಕ್ಕೆ ಏಕೈಕ ಮಾಲೀಕರಾಗುವುದಿಲ್ಲ ಎಂಬುದೂ ನೆನಪಿರಲಿ. ಅದನ್ನು ನೋಡಿ ಸದುದ್ದೇಶದಿಂದ ಹಣ ಕೊಟ್ಟ ಬ್ಯಾಂಕಿಗೆ ರಕ್ಷಣೆ, ಅಷ್ಟೇ. ಮಗನ ಕೈಗೆ 22 ಲಕ್ಷ ಬಂದರೂ ಅದರಲ್ಲಿ ತಾಯಿ, ಅಜ್ಜಿ, ಅಕ್ಕನ ಪಾಲು ಹಾಗೆಯೇ ಇರುತ್ತದೆ, ಅವರು ಪ್ರತ್ಯೇಕ ದಾವೆ ಹೂಡಬಹುದು.

ಇದೇ ಮೇಷ್ಟ್ರು ಉಯಿಲು ಬರೆದು, ಮನೆ ಮಗಳಿಗೆ, ಠೇವಣಿ ಹೆಂಡತಿಗೆ ಎಂದು ಹೇಳಿ, ಸ್ನೇಹಿತರೊಬ್ಬರನ್ನು ನಿರ್ವಾಹಕರನ್ನಾಗಿ ಹೆಸರಿಸಿದ್ದರೆ? ಆಗಲೂ ಮೈಸೂರಿನ ಈ ಹಿಂದೂ ಸಂಸಾರಕ್ಕೆ ಪ್ರೊಬೇಟ್ ಕಡ್ಡಾಯವಾಗುತ್ತಿರಲಿಲ್ಲ. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಬೇಕೇಬೇಕು ಎಂಬ 213ನೇ ಕಲಮು ಹಿಂದಿನ ಬಂಗಾಳದ ಪ್ರದೇಶಕ್ಕೆ, ಮುಂಬೈ ಮತ್ತು ಮದರಾಸು ನಗರಗಳಿಗೆ, ಅಲ್ಲಿರುವ ಸ್ಥಿರಾಸ್ತಿಗೆ ಸೀಮಿತವಾಗಿತ್ತು. ಮೈಸೂರಿನವರ ಉಯಿಲಿನಲ್ಲಿ ಮುಂಬೈಯ ಫ್ಲ್ಯಾಟ್ ಇದ್ದರೆ ಮಾತ್ರ ಆ ತೊಡಕು ಬರುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಲಮನ್ನೇ ಕಾಯ್ದೆಯಿಂದ ತೆಗೆದುಹಾಕಿದ್ದರಿಂದ ಈಗ ಅಲ್ಲೂ ಕಡ್ಡಾಯವಿಲ್ಲ.

ಕಡ್ಡಾಯವಿಲ್ಲ ಎಂದರೆ ಉಪಯೋಗವಿಲ್ಲ ಎಂದಲ್ಲ. ಮನೆ ಅಕ್ಕನಿಗೆ ಹೋದದ್ದನ್ನು ಮಗ ಪ್ರಶ್ನಿಸುವ ಸುಳಿವಿದ್ದರೆ ಪ್ರೊಬೇಟ್ ಪಡೆಯುವುದೇ ಒಳಿತು, ಏಕೆಂದರೆ ಒಮ್ಮೆ ಪ್ರೊಬೇಟ್ ಸಿಕ್ಕರೆ ಉಯಿಲಿನ ನೈಜತೆಯ ಪ್ರಶ್ನೆ ಎಲ್ಲರ ಮಟ್ಟಿಗೂ ಮುಗಿಯುತ್ತದೆ. ಆದರೆ ಆ ಉಯಿಲಿನಿಂದ ಮನೆ ಮಗಳದ್ದಾಗುತ್ತದೋ, ಮೇಷ್ಟ್ರಿಗೆ ಆ ಮನೆಯ ಮೇಲೆ ಪೂರ್ತಿ ಹಕ್ಕಿತ್ತೋ ಎಂಬುದನ್ನು ಪ್ರೊಬೇಟ್ ಕೋರ್ಟು ನೋಡುವುದಿಲ್ಲ. ಅದು ಪಿತ್ರಾರ್ಜಿತವೆಂಬ ವಾದವಿದ್ದರೆ ಬೇರೆ ದಾವೆ ನಡೆಯಬೇಕು.

ತಕರಾರು ಹಾಕುವವರು ಕೇವಿಯಟ್ ಸಲ್ಲಿಸಿದರೆ ಪ್ರೊಬೇಟ್ ಅರ್ಜಿ ದಾವೆಯ ರೂಪ ಪಡೆಯುತ್ತದೆ, ಆಗ ವರ್ಷಗಳೇ ಹಿಡಿಯಬಹುದು. ಅಂಥ ವಿಚಾರಣೆಯ ಹೊರೆ ಬೀಳುವುದು ಉಯಿಲಿಗೆ ಸಾಕ್ಷಿ ಹಾಕಿದ ಇಬ್ಬರ ಮೇಲೆ. ಇಬ್ಬರಲ್ಲಿ ಒಬ್ಬರು ಬದುಕಿದ್ದರೂ ಅವರು ಕೋರ್ಟಿಗೆ ಬಂದು, ಮೇಷ್ಟ್ರು ತಮ್ಮ ಮುಂದೆ ಸಹಿ ಹಾಕಿದರೆಂದು ಹೇಳಬೇಕಾಗುತ್ತದೆ. ಉಯಿಲು ನೋಂದಣಿಯಾಗಿದ್ದರೂ ಈ ಅಗತ್ಯ ತಪ್ಪುವುದಿಲ್ಲ. ಇಬ್ಬರೂ ಉಳಿದಿಲ್ಲದಿದ್ದರೆ, ಒಬ್ಬ ಸಾಕ್ಷಿಯ ಮತ್ತು ಮೇಷ್ಟ್ರ ಕೈಬರಹ, ಸಹಿಯನ್ನು ಗುರುತಿಸಬಲ್ಲವರನ್ನು ಹುಡುಕಬೇಕು. ಹಾಗಾಗಿ ಉಯಿಲು ಬರೆಸುವಾಗ ಎಂಬತ್ತರ ಗೆಳೆಯರಿಗಿಂತ, ವಯಸ್ಸಿನಲ್ಲಿ ಚಿಕ್ಕವರಾದ, ಊರಿನಲ್ಲೇ ಇರುವ ಸಾಕ್ಷಿಗಳಿಂದ ಸಹಿ ಹಾಕಿಸಿ, ಅವರ ಪೂರ್ತಿ ವಿಳಾಸ ಮತ್ತು ಫೋನ್ ನಂಬರನ್ನು ಸಹಿಯ ಕೆಳಗೇ ಬರೆಸಬೇಕು.