ರೂಮು ರದ್ದು ಮಾಡಿ ಫ್ರೆಂಚಿನಲ್ಲಿ ಕ್ಷಮೆ ಕೇಳುವುದು

ಫ್ರಾನ್ಸಿನಲ್ಲಿ 'ಶಾಂಬ್ರ್ ದೋತ್' ಎಂಬ ವ್ಯವಸ್ಥೆ ಇದೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗೆ ಹತ್ತಿರದ್ದು. ಮನೆಯವರು ಅದೇ ಮನೆಯಲ್ಲಿರಬೇಕು, ಬೆಳಗಿನ ತಿಂಡಿ ಕೊಡಬೇಕು, ಐದಕ್ಕಿಂತ ಹೆಚ್ಚು ರೂಮು ಇರಕೂಡದು, ಒಟ್ಟಿಗೆ 15 ಜನಕ್ಕಿಂತ ಹೆಚ್ಚು ಅತಿಥಿಗಳನ್ನು ಇಟ್ಟುಕೊಳ್ಳಕೂಡದು ಎಂದು ಕಾನೂನೇ ಹೇಳುತ್ತದೆ. ಎರಡೋ ಮೂರೋ ರೂಮಿಟ್ಟುಕೊಂಡ ಮನೆಯೊಡತಿಗೆ ಜೂನ್ ತಿಂಗಳಲ್ಲಿ ಒಂದು ರೂಮು ಮೂರು ರಾತ್ರಿ ಖಾಲಿ ಬಿದ್ದರೆ ಅದು ದೊಡ್ಡ ಹೋಟೆಲಿನ ಲೆಕ್ಕದಂತಲ್ಲ, ಆ ತಿಂಗಳ ಸಂಪಾದನೆಯಲ್ಲೇ ಎದ್ದು ಕಾಣುವ ಕೊರತೆ. ಬುಕಿಂಗ್ ರದ್ದು ಮಾಡಿದವರು ಬರೆಯುವ ಪತ್ರವನ್ನು ಓದುವುದು ಇಂಥವರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ದಂಪತಿ ಲುವಾರ್ ನದಿ ದಡದ ಅಂಬ್ವಾಜ್‌ನಲ್ಲಿ ಜೂನ್ 12ರಿಂದ 15ರವರೆಗೆ ಇಂಥದೊಂದು ರೂಮು ಹಿಡಿದಿದ್ದಾರೆ. ದಿನಕ್ಕೆ 95 ಯೂರೋ, ಮೂರು ರಾತ್ರಿಗೆ 285. ಅದರಲ್ಲಿ 85 ಯೂರೋ ಮುಂಗಡ ಕೊಟ್ಟಾಗಿದೆ. ಆದರೆ ವೀಸಾ ಬರಲಿಲ್ಲ. ಷೆಂಗೆನ್ ವೀಸಾ ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಆ ಅರ್ಜಿಗೇ ಉಳಿದುಕೊಳ್ಳುವ ಜಾಗದ ದಾಖಲೆ ಲಗತ್ತಿಸಬೇಕಾದ್ದರಿಂದ ನಮ್ಮವರು ವೀಸಾಕ್ಕಿಂತ ಮೊದಲೇ ರೂಮು ಹಿಡಿಯುತ್ತಾರೆ. ವೀಸಾ ದಾಖಲೆಗೆಂದೇ ರೂಮು ಹಿಡಿದು ಆಮೇಲೆ ಸದ್ದಿಲ್ಲದೆ ಬಿಡುವವರೂ ಇದ್ದಾರೆ. ಹಾಗಾಗಿ ಭಾರತದಿಂದ ಬಂದ ರದ್ದತಿಯನ್ನು ಮನೆಯೊಡತಿ ಸ್ವಲ್ಪ ಅನುಮಾನದಿಂದ ನೋಡಿದರೆ ಅವರನ್ನು ದೂರುವಂತಿಲ್ಲ.

ಈಗ ಪತ್ರ. ನಾವು ಮೊದಲು ಕುಶಲ ಕೇಳಿ, ಆಮೇಲೆ ಕಷ್ಟ ಹೇಳಿಕೊಂಡು, ಕೊನೆಗೆ ವಿಷಯಕ್ಕೆ ಬರುವುದುಂಟು. ಫ್ರೆಂಚ್ ಪತ್ರ ಇದಕ್ಕೆ ತಿರುಗುಮುರುಗು. ಮೇಲಿನ ವಿಷಯದ ಸಾಲಿನಲ್ಲೇ 'ಜೂನ್ 12ರಿಂದ 15ರ ಬುಕಿಂಗ್ ರದ್ದು' ಎಂದಿರಬೇಕು. 'ನಮಸ್ಕಾರ' ಅಥವಾ 'ಕ್ಷಮಿಸಿ' ಎಂದಷ್ಟೇ ಬರೆದರೆ ಮನೆಯೊಡತಿ ಅದನ್ನು ಸಂಜೆ ಓದಿದರಾಯಿತೆಂದು ಬಿಡಬಹುದು. ಅಷ್ಟು ಹೊತ್ತಿನಲ್ಲಿ ಆ ರೂಮು ಕೇಳಿದ ಇನ್ನೊಬ್ಬರಿಗೆ ಇಲ್ಲ ಎಂದುಬಿಟ್ಟಿರುತ್ತಾರೆ. ಸಂಬೋಧನೆಗೆ 'ಬೋಂಜೂರ್ ಮದಾಮ್' ಸಾಕು. ಮುಖ ನೋಡದವರಿಗೆ 'ಪ್ರಿಯ' ಎಂದು ಹಚ್ಚುವುದು ಅಲ್ಲಿ ಅತಿ ಸಲಿಗೆ.

ಮೊದಲ ವಾಕ್ಯ ಸುದ್ದಿ: ಯಾರ ಹೆಸರಲ್ಲಿ, ಯಾವ ದಿನಗಳಿಗೆ, ಎಷ್ಟು ಜನಕ್ಕೆ ಹಿಡಿದಿದ್ದ ರೂಮನ್ನು ರದ್ದು ಮಾಡಬೇಕಾಗಿದೆ ಎಂಬುದು. ಎರಡನೆಯದು ಕಾರಣ, ಅದೂ ಒಂದೇ ವಾಕ್ಯದಲ್ಲಿ: ವೀಸಾ ಸಮಯಕ್ಕೆ ಸಿಗಲಿಲ್ಲ. ದೂತಾವಾಸದ ಮೇಲಿನ ಸಿಟ್ಟು, ಅಲೆದಾಟದ ಕಥೆ, ವಿಮಾನದ ಟಿಕೆಟ್ಟಿನಲ್ಲಿ ಹೋದ ದುಡ್ಡು, ಇವೆಲ್ಲ ಇಲ್ಲಿ ಬೇಡ. ಕಾರಣ ಉದ್ದವಾದಷ್ಟೂ ಅದು ನೆಪದಂತೆ ಕೇಳುತ್ತದೆ. ಇದು ನಮ್ಮಲ್ಲೂ ನಿಜ, ಆದರೆ ನಾವು ಅದನ್ನು ಸಹಿಸಿಕೊಳ್ಳುತ್ತೇವೆ.

ಮೂರನೆಯದು ಕ್ಷಮೆ. ಬಾಯಿಮಾತಿನಲ್ಲಿ ಫ್ರೆಂಚರು 'ಜ ಮೆಕ್ಸ್ಯೂಜ್' ಎಂದು ದಿನವೂ ಹೇಳುತ್ತಾರೆ. ಆದರೆ ಶಿಸ್ತಿನವರಿಗೆ ಅದು ನನ್ನನ್ನು ನಾನೇ ಕ್ಷಮಿಸಿಕೊಂಡೆ ಎಂಬಂತೆ ಕೇಳುತ್ತದೆ. ಬರವಣಿಗೆಯಲ್ಲಿ 'ದಯವಿಟ್ಟು ನನ್ನನ್ನು ಕ್ಷಮಿಸಬೇಕೆಂದು ಬೇಡುತ್ತೇನೆ' ಎಂಬ ಅರ್ಥದ 'ಜ ವೂ ಪ್ರಿ ದ ಮೆಕ್ಸ್ಯೂಜೆ' ಸುರಕ್ಷಿತ. ಇದನ್ನು ಒಮ್ಮೆ ಹೇಳಿದರೆ ಸಾಕು.

ಅನುವಾದದ ಆ್ಯಪ್ ಬಳಸುವವರು ಎರಡು ಕಡೆ ಕಣ್ಣಿಡಬೇಕು. ಕನ್ನಡಕ್ಕೆ 'ನೀನು', 'ನೀವು' ಇದ್ದಂತೆ ಫ್ರೆಂಚಿಗೆ 'ತ್ಯು', 'ವೂ' ಇವೆ. ನಮ್ಮ ಮಾತು ಇಂಗ್ಲಿಷಿನ ಮೂಲಕ ಹಾದುಹೋದರೆ ಈ ಭೇದ ಅಲ್ಲೇ ಕಳೆದುಹೋಗಿ, ಅರವತ್ತರ ಮಹಿಳೆಗೆ 'ನೀನು' ಎಂದು ಹೋಗಬಹುದು. ಇನ್ನೊಂದು, ವಿಷಾದ ಹೇಳುವ 'ದೆಝೊಲೆ' ಎಂಬ ಪದ. ಗಂಡಸು ಬರೆದರೂ ಹೆಂಗಸು ಬರೆದರೂ ಉಚ್ಚಾರ ಒಂದೇ. ಬರೆಯುವಾಗ ಮಾತ್ರ ಹೆಂಗಸು ಕೊನೆಗೆ ಇನ್ನೊಂದು 'ಇ' ಅಕ್ಷರ ಸೇರಿಸಬೇಕು, ದಂಪತಿ ಸೇರಿ ಬರೆದರೆ ಬಹುವಚನದ 'ಎಸ್' ಸೇರಿಸಬೇಕು. ಬರೆಯುವವರು ಯಾರೆಂದು ಆ್ಯಪ್‌ಗೆ ಗೊತ್ತಿಲ್ಲ, ಅದು ಬಹುಪಾಲು ಗಂಡಸೆಂದೇ ಊಹಿಸುತ್ತದೆ. ಕೆಳಗೆ ಲಕ್ಷ್ಮಿ ಎಂದು ಸಹಿ, ಮೇಲೆ ಪುಲ್ಲಿಂಗ! ಇದರಿಂದ ಅನಾಹುತವೇನೂ ಆಗದು, ಆದರೆ ಯಂತ್ರದಿಂದ ಇಳಿಸಿದ ಕ್ಷಮೆಯೆಂಬುದು ಓದಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ದುಡ್ಡಿನ ಮಾತು. ಕೊಟ್ಟ 85 ಯೂರೋವನ್ನು ಬುಕಿಂಗ್ ಕರಾರಿನಲ್ಲಿ ಏನೆಂದು ಕರೆದಿದ್ದಾರೆ ಎಂದು ಮೊದಲು ನೋಡಿಕೊಳ್ಳಬೇಕು. ಅದು 'ಆರ್' ಎಂದಿದ್ದರೆ ಗಿರಾಕಿ ಹಿಂದೆ ಸರಿದಾಗ ಆ ದುಡ್ಡು ಹೋಯಿತು, ಅಷ್ಟೇ. ಮನೆಯವರೇ ಹಿಂದೆ ಸರಿದರೆ ಅದರ ಎರಡರಷ್ಟು ಕೊಡಬೇಕು. ಅದೇ 'ಅಕೋಂತ್' ಎಂದಿದ್ದರೆ ಎರಡು ಕಡೆಯೂ ಮಾತು ಕಟ್ಟಿಬಿದ್ದಂತೆ. ಮನೆಯೊಡತಿ ಪಟ್ಟು ಹಿಡಿದರೆ ಉಳಿದ 200 ಯೂರೋವನ್ನೂ ಕೇಳಬಹುದು. ಕರಾರಿನಲ್ಲಿ ಏನೂ ಹೇಳಿರದಿದ್ದರೆ, ವ್ಯವಹಾರವಾಗಿ ಬಾಡಿಗೆಗೆ ಕೊಡುವವರ ವಿಷಯದಲ್ಲಿ ಫ್ರಾನ್ಸಿನ ಗ್ರಾಹಕ ಕಾನೂನು ಅದನ್ನು 'ಆರ್' ಎಂದೇ ಹಿಡಿಯುತ್ತದೆ. ಆನ್‌ಲೈನ್ ಖರೀದಿಗೆ ಯೂರೋಪಿನಲ್ಲಿರುವ 14 ದಿನಗಳ ವಾಪಸಾತಿ ಹಕ್ಕು, ಗೊತ್ತಾದ ದಿನಗಳಿಗೆ ಹಿಡಿದ ರೂಮಿಗೆ ಅನ್ವಯಿಸುವುದಿಲ್ಲ.

ಕಾಯಿಲೆ, ಆಸ್ಪತ್ರೆ ಎಂದರೆ ಕಾನೂನು ಕರಗುತ್ತದೆ ಎಂಬ ನಂಬಿಕೆಯೂ ಇದೆ. 2017ರಲ್ಲಿ ಬಿಸಿನೀರ ಚಿಕಿತ್ಸೆಗೆ ಹೋದ ದಂಪತಿಯಲ್ಲಿ ಒಬ್ಬರು ನಡುವೆಯೇ ಆಸ್ಪತ್ರೆ ಸೇರಿ, ವಾಸವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಉಳಿದ ದಿನಗಳ ದುಡ್ಡು ಕೇಳಿದ ಅವರ ಪ್ರಕರಣ ಫ್ರಾನ್ಸಿನ ಅತ್ಯುನ್ನತ ಸಿವಿಲ್ ನ್ಯಾಯಾಲಯದವರೆಗೆ ಹೋಯಿತು. ಕೊಡಬೇಕಾದ ದುಡ್ಡನ್ನು ಆಗಲೇ ಕೊಟ್ಟಾದವರು, ಅನುಭವಿಸಲು ಆಗಲಿಲ್ಲವೆಂದು ಕೈಮೀರಿದ ಸಂದರ್ಭದ ನೆಪದಲ್ಲಿ ಕರಾರು ಮುರಿಯುವಂತಿಲ್ಲ ಎಂದು ನ್ಯಾಯಾಲಯ 2020ರ ನವೆಂಬರಿನಲ್ಲಿ ಹೇಳಿತು.

ಹಾಗಾಗಿ ಮೈಸೂರಿನ ದಂಪತಿ ಪತ್ರದಲ್ಲಿ ದುಡ್ಡು 'ವಾಪಸ್ ಕೊಡಿ' ಎಂದು ಬರೆಯುವುದು ತಪ್ಪು. ಹಕ್ಕಿಲ್ಲದ ಕಡೆ ಹಕ್ಕಿನ ದನಿ ಎತ್ತಿದರೆ ಕೊಡಬೇಕೆಂದಿದ್ದವರೂ ಕೊಡುವುದಿಲ್ಲ. ಬರೆಯಬೇಕಾದ್ದು ಹೀಗೆ: 'ಮುಂಗಡ ನಿಮ್ಮಲ್ಲೇ ಉಳಿಯುತ್ತದೆಂದು ನಮಗೆ ಗೊತ್ತಿದೆ. ಒಂದು ವೇಳೆ ಆ ದಿನಗಳಿಗೆ ಬೇರೆ ಅತಿಥಿ ಸಿಕ್ಕರೆ, ಅದರಲ್ಲಿ ಸ್ವಲ್ಪವನ್ನಾದರೂ ಮುಂದಿನ ಸಲಕ್ಕೆ ಹಿಡಿದುಕೊಳ್ಳಲು ಸಾಧ್ಯವೇ?' ಇದರ ಕೆಳಗೆ 'ಬಿಯಾಂ ಕೊರ್ದಿಯಾಲ್‌ಮಾಂ' ಎಂದು ಹೆಸರು ಹಾಕಿದರೆ ಮುಗಿಯಿತು. ಗೌರವಪೂರ್ವಕ ವಂದನೆಗಳನ್ನು ಸ್ವೀಕರಿಸಬೇಕೆಂದು ಕೋರುವ ಉದ್ದದ ಒಕ್ಕಣೆ ಬ್ಯಾಂಕಿಗೆ, ಸರ್ಕಾರಿ ಕಚೇರಿಗೆ ಸರಿ.

ರೂಮು ಹಿಡಿದದ್ದು ಬುಕಿಂಗ್ ತಾಣದ ಮೂಲಕವಾದರೆ ಪತ್ರವೊಂದರಿಂದಲೇ ರದ್ದಾಗುವುದಿಲ್ಲ. ತಾಣದಲ್ಲಿಯೂ ರದ್ದತಿಯ ಗುಂಡಿ ಒತ್ತಬೇಕು. ಗಡುವು ಸಾಮಾನ್ಯವಾಗಿ ಆ ಊರಿನ ಗಡಿಯಾರದ ಲೆಕ್ಕ. ಜೂನಿನಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಇಲ್ಲಿ ನಡುರಾತ್ರಿಯಾದರೂ ಅಲ್ಲಿ ಇನ್ನೂ ರಾತ್ರಿ ಎಂಟೂವರೆ.

ಮನೆಯೊಡತಿ ಒಪ್ಪಿ 'ಐಬ್ಯಾನ್ ಕಳಿಸಿ' ಎಂದು ಉತ್ತರಿಸಬಹುದು. ಅಲ್ಲಿಯವರಿಗೆ ದುಡ್ಡು ಹಾಕುವ ಸುಲಭ ದಾರಿ ಅದು. ಭಾರತದ ಬ್ಯಾಂಕ್ ಖಾತೆಗಳಿಗೆ ಐಬ್ಯಾನ್ ಸಂಖ್ಯೆಯೇ ಇಲ್ಲ. ಯೂರೋಪಿನ ಒಳಗಿನ ಆ ವರ್ಗಾವಣೆ ಇಲ್ಲಿಗೆ ತಲುಪುವುದೂ ಇಲ್ಲ. ಸ್ವಿಫ್ಟ್ ಮೂಲಕ ಕಳಿಸಬಹುದು, ಆದರೆ 85 ಯೂರೋದಂಥ ಮೊತ್ತದಲ್ಲಿ ಎರಡೂ ಕಡೆಯ ಬ್ಯಾಂಕುಗಳ ಶುಲ್ಕವೇ ದೊಡ್ಡ ತುತ್ತು. ಕಾರ್ಡಿನಲ್ಲಿ ಕೊಟ್ಟಿದ್ದರೆ ಅದೇ ಕಾರ್ಡಿಗೆ ಮರಳಿಸಲು ಕೇಳಬೇಕು. ಅದಾಗದಿದ್ದರೆ 'ಅವ್ವಾರ್', ಅಂದರೆ ಮುಂದಿನ ವಾಸಕ್ಕೆ ಜಮೆ ಒಪ್ಪಿಕೊಂಡು, ಎಷ್ಟು ಮೊತ್ತ, ಯಾವ ತಾರೀಖಿನವರೆಗೆ ಎಂಬುದನ್ನು ಮನೆಯೊಡತಿಯಿಂದ ಮೇಲ್‌ನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.