ಕಾಗಕ್ಕ ಗುಬ್ಬಕ್ಕನ ಕತೆಯಲ್ಲಿ ವಿಭಕ್ತಿ ಪಾಠ

ಏಳನೇ ತರಗತಿಯ ಮಕ್ಕಳನ್ನು ವಿಭಕ್ತಿ ಪ್ರತ್ಯಯ ಹೇಳಿ ಎಂದರೆ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಅವರ ಕೈಗೆ ಒಂದು ಕತೆ ಕೊಟ್ಟು, ಈ ಸಾಲಿನಲ್ಲಿ ‘ಗೆ’ ಏನು ಕೆಲಸ ಮಾಡುತ್ತಿದೆ ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ. ಪಟ್ಟಿ ಮೊದಲು, ಭಾಷೆ ಆಮೇಲೆ ಎಂಬ ಕ್ರಮವೇ ಇದಕ್ಕೆ ಕಾರಣ. ಆ ಕ್ರಮವನ್ನು ತಿರುಗಿಸಿ, ಕಾಗಕ್ಕ ಗುಬ್ಬಕ್ಕನ ಕತೆಯೊಂದರಿಂದಲೇ ಆರು ಪೀರಿಯಡ್‌ಗಳ ವಿಭಕ್ತಿ ಘಟಕವನ್ನು ಕಟ್ಟಬಹುದು.

ಅಷ್ಟು ಚಿಕ್ಕ ಮಕ್ಕಳ ಕತೆ ಏಕೆ ಎಂದು ಕೇಳಬಹುದು. ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ಬೇಕು. ಕತೆ ಅರ್ಥಮಾಡಿಕೊಳ್ಳುವ ಶ್ರಮ ಉಳಿದರೆ ಗಮನವೆಲ್ಲ ಮಾತಿನ ರೂಪದ ಮೇಲೆ ನಿಲ್ಲುತ್ತದೆ. ಮೊದಲ ಪೀರಿಯಡ್‌ನಲ್ಲಿ ಕತೆ ಹೇಳುವುದಷ್ಟೇ ಕೆಲಸ. ಸಗಣಿ ಮನೆ, ಕಲ್ಲಿನ ಮನೆ, ಮಳೆ, ಮುಚ್ಚಿದ ಬಾಗಿಲು. ನಡುವೆ ನಿಲ್ಲಿಸಿ ‘ಇದು ಯಾವ ವಿಭಕ್ತಿ?’ ಎಂದು ಕೇಳಿದರೆ ಕತೆಯೂ ಹೋಯಿತು, ವ್ಯಾಕರಣವೂ ಹೋಯಿತು.

ಎರಡನೇ ದಿನ ಅದೇ ಕತೆ ಪ್ರತ್ಯಯಗಳಿಲ್ಲದೆ ಕಪ್ಪುಹಲಗೆಗೆ ಬರುತ್ತದೆ. ‘ಕಾಗಕ್ಕ ಸಗಣಿ— ಮನೆ ಕಟ್ಟಿದಳು.’ ಒಬ್ಬರು ಸಗಣಿಯಿಂದ ಎನ್ನುತ್ತಾರೆ, ಇನ್ನೊಬ್ಬರು ಸಗಣಿಯ, ಮತ್ತೊಬ್ಬರು ಸಗಣಿಯಲ್ಲಿ. ಮೂರೂ ಸರಿ, ಆದರೆ ಹೇಳುವ ಬಗೆ ಬೇರೆ. ಆ ವ್ಯತ್ಯಾಸವನ್ನು ಮಕ್ಕಳ ಬಾಯಲ್ಲೇ ಬಿಡಿಸಬೇಕು. ಮುಂದೆ ‘ಕಾಗಕ್ಕ ಗುಬ್ಬಕ್ಕನನ್ನು ಕರೆದಳು’ ಎಂಬ ಸಾಲಿನಲ್ಲಿ ಪ್ರತ್ಯಯವನ್ನು ಮಾತ್ರ ಆಚೀಚೆ ಮಾಡಿ: ‘ಕಾಗಕ್ಕನನ್ನು ಗುಬ್ಬಕ್ಕ ಕರೆದಳು.’ ಪದಗಳು ಇದ್ದ ಜಾಗದಲ್ಲೇ ಇವೆ, ಕರೆದವರು ಬದಲಾದರು. ‘ಬಾಗಿಲು ತೆರೆಯಲಿಲ್ಲ’ ಎಂಬಲ್ಲಿ ಮಾತ್ರ ‘ಅನ್ನು’ ಇಲ್ಲದೆಯೂ ನಡೆಯುತ್ತದೆ, ಏಕೆಂದರೆ ಬಾಗಿಲು ಗುಬ್ಬಕ್ಕನನ್ನು ತೆರೆಯಲಾರದು. ಮಕ್ಕಳು ಇಂಥ ಕಡೆ ‘ಅನ್ನು’ ಬಿಟ್ಟರೆ ಕೆಂಪು ಶಾಯಿ ಎಳೆಯುವ ಅಗತ್ಯವಿಲ್ಲ.

ಘಟಕದ ಜೀವ ಇರುವುದು ಮೂರನೇ ಪೀರಿಯಡ್‌ನಲ್ಲಿ. ಕತೆಯಿಂದ ‘ಗೆ’ ಹತ್ತಿದ ಪದಗಳನ್ನೆಲ್ಲ ಆರಿಸಲು ಹೇಳಿ: ಮರಕ್ಕೆ, ಆಕಾಶಕ್ಕೆ, ಮನೆಗೆ, ಮಳೆಗೆ, ಕಲ್ಲಿಗೆ, ಬಾಗಿಲಿಗೆ. ಒಂದೇ ಪ್ರತ್ಯಯಕ್ಕೆ ಮೂರು ವೇಷ ಏಕೆ? ಗುಂಪು ಮಾಡಲು ಬಿಟ್ಟರೆ ನಿಯಮ ಅವರಿಗೇ ಸಿಗುತ್ತದೆ. ಅಕಾರಾಂತಕ್ಕೆ ‘ಕ್ಕೆ’, ಇಕಾರ ಎಕಾರಗಳಿಗೆ ‘ಗೆ’, ಉಕಾರಕ್ಕೆ ‘ಇಗೆ’. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಕಾಗಕ್ಕ ಕೂಡ ಅಕಾರಾಂತ, ಹಾಗಾದರೆ ‘ಕಾಗಕ್ಕಕ್ಕೆ’ ಏಕಲ್ಲ? ಯಾರೂ ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ಕತೆಯಲ್ಲಿ ಕಾಗೆ ಹಕ್ಕಿಯಲ್ಲ, ಅಕ್ಕ. ಆದ್ದರಿಂದ ಅಕ್ಕನಿಗೆ, ಹುಡುಗನಿಗೆ ಎಂಬಂತೆ ಕಾಗಕ್ಕನಿಗೆ. ಕ್ರಿಯಾಪದವೂ ‘ಕಟ್ಟಿತು’ ಎನ್ನದೆ ‘ಕಟ್ಟಿದಳು’ ಎಂದದ್ದು ಅದಕ್ಕೇ. ಪದದ ಕೊನೆಯ ಸ್ವರವೊಂದೇ ಅಲ್ಲ, ಲಿಂಗವೂ ಪ್ರತ್ಯಯದ ರೂಪವನ್ನು ತೀರ್ಮಾನಿಸುತ್ತದೆ ಎಂಬುದನ್ನು ಪಟ್ಟಿಯಿಂದ ಇಷ್ಟು ಚೆನ್ನಾಗಿ ಕಲಿಸಲಾಗದು. ಮಗುವಿಗೆ, ಅದಕ್ಕೆ ಎಂಬಂಥ ನಿಯಮ ಮೀರುವ ಪದಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಪ್ರಥಮಾ, ದ್ವಿತೀಯಾ ಎಂಬ ಹೆಸರುಗಳು ನಾಲ್ಕನೇ ಪೀರಿಯಡ್‌ಗೆ ಬರಲಿ. ಇಲ್ಲಿ ಪಂಚಮಿ ತೊಡಕು ಕೊಡುತ್ತದೆ. ಸಗಣಿಯಿಂದ ಕಟ್ಟಿದಳು, ಮಳೆಯಿಂದ ಕರಗಿತು, ಮರದಿಂದ ಹಾರಿದಳು: ಮೂರು ಕೆಲಸ, ಒಂದೇ ‘ಇಂದ’. ‘ದೆಸೆಯಿಂದ’ ಎಂದು ನಾವು ಮಾತಾಡುವುದು ಅಪರೂಪ. ಸಂಸ್ಕೃತದ ಚೌಕಟ್ಟು ಕನ್ನಡಕ್ಕೆ ಎಲ್ಲ ಕಡೆ ಒಪ್ಪುವುದಿಲ್ಲ ಎಂದು ಡಿ.ಎನ್. ಶಂಕರ ಭಟ್ಟರು ವಿಸ್ತಾರವಾಗಿ ವಾದಿಸಿದ್ದಾರೆ. ತರಗತಿಯಲ್ಲಿ ಆ ಚರ್ಚೆ ಬೇಡ. ಆದರೆ ‘ಪಠ್ಯದ ಪಟ್ಟಿಯಲ್ಲಿ ದೆಸೆಯಿಂದ ಎಂದಿದೆ, ಪರೀಕ್ಷೆಯಲ್ಲಿ ಹಾಗೆ ಬರೆಯಿರಿ, ಆಡುವಾಗ ಇಂದ ಎನ್ನುತ್ತೇವೆ’ ಎಂದು ನೇರವಾಗಿ ಹೇಳಬೇಕು. ಮುಚ್ಚಿಟ್ಟರೆ ಮಕ್ಕಳು ತಮ್ಮ ಮಾತೇ ತಪ್ಪೆಂದುಕೊಳ್ಳುತ್ತಾರೆ. ಧಾರವಾಡದ ಮಗು ‘ಮನ್ಯಾಗ’ ಎಂದರೂ ಮೈಸೂರಿನ ಮಗು ‘ಮನೇಲಿ’ ಎಂದರೂ ಅವು ಸಪ್ತಮಿಯವೇ; ‘ಮನೆಯಲ್ಲಿ’ಯ ಪಕ್ಕದಲ್ಲಿ ಹಲಗೆಯ ಮೇಲೆ ಅವಕ್ಕೂ ಜಾಗ ಕೊಡಿ.

ಐದನೇ ದಿನ ಮಕ್ಕಳು ಕತೆಯನ್ನು ಕಾಗಕ್ಕನ ಕಡೆಯಿಂದ ಬರೆಯುತ್ತಾರೆ. ‘ನಾನು’ ಬಂದೊಡನೆ ‘ನನ್ನನ್ನು, ನನಗೆ, ನನ್ನಿಂದ’ ಎಂದು ರೂಪಗಳೆಲ್ಲ ತಾವಾಗಿ ಹೊರಗೆ ಬರುತ್ತವೆ. ಜೋಡಿಯಾಗಿ ಕೂತು ಒಬ್ಬರದನ್ನೊಬ್ಬರು ಓದಿ ಪ್ರತ್ಯಯಗಳಿಗೆ ಗೆರೆ ಎಳೆಯಲಿ.

ಕೊನೆಯ ಪೀರಿಯಡ್‌ನ ಮೌಲ್ಯಮಾಪನಕ್ಕೆ ಹೊಸ ಕತೆಯ ಹತ್ತು ಸಾಲು ಬೇಕು. ಅದರಲ್ಲಿ ನಾಲ್ಕು ಪ್ರತ್ಯಯಗಳನ್ನು ಬೇಕೆಂದೇ ತಪ್ಪಾಗಿ ಇಡಬೇಕು. ತಪ್ಪನ್ನು ಹುಡುಕಿ ತಿದ್ದಿ, ಅರ್ಥ ಹೇಗೆ ಕೆಟ್ಟಿತ್ತೆಂದು ಒಂದು ವಾಕ್ಯ ಬರೆಯುವ ಮಗುವಿಗೆ ವಿಭಕ್ತಿ ಬಂದಿದೆ. ಹೆಸರು ಸರಿಯಾಗಿ ಬರೆದು ತಪ್ಪನ್ನು ಗುರುತಿಸಲಾಗದ ಮಗುವಿಗೆ ಪಟ್ಟಿ ಮಾತ್ರ ಬಂದಿದೆ. ಅಂಥವರು ಹೆಚ್ಚಿದ್ದರೆ ಎರಡನೇ ದಿನದ ಆಚೀಚೆ ಮಾಡುವ ಕೆಲಸವನ್ನು ಬೇರೆ ಕತೆಯೊಂದಿಗೆ ಮತ್ತೆ ಮಾಡಿಸಬೇಕು.