ರಜೆ ಎಲ್ಲಿ ಕರಗುತ್ತದೆ?

ಡಿಸೆಂಬರ್ ಬಂತೆಂದರೆ ಆಫೀಸುಗಳಲ್ಲಿ ರಜೆಯ ಲೆಕ್ಕದ ಮಾತು ಶುರುವಾಗುತ್ತದೆ. ‘ನಮ್ಮಲ್ಲಿ 45 ದಿನ ಉಳಿಸಿಕೊಳ್ಳಬಹುದು’ ಎಂದು ಹೇಳುವವರಲ್ಲಿ ಹೆಚ್ಚಿನವರು ಆ 45 ಯಾವ ದಿನದ ಲೆಕ್ಕ ಎಂದು ನೋಡಿರುವುದಿಲ್ಲ. ರಜೆ ಉಳಿಯುವುದೂ ಕಳೆಯುವುದೂ ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಗಳಿಕೆ ರಜೆಯ ವಿಷಯ. ಪೇಸ್ಲಿಪ್ಪಿನಲ್ಲಿ ಇಎಲ್ ಅಥವಾ ಪಿಎಲ್ ಎಂದು ಕಾಣುವುದು ಇದೇ. ಸಾಂದರ್ಭಿಕ ರಜೆ ಸಾಮಾನ್ಯವಾಗಿ ವರ್ಷಾಂತ್ಯಕ್ಕೆ ಮುಗಿದುಹೋಗುತ್ತದೆ, ಅದಕ್ಕೆ ಹಣವೂ ಸಿಗುವುದಿಲ್ಲ. ಸರ್ಕಾರಿ ನೌಕರಿಯಲ್ಲಿರುವ ಚಿಕ್ಕಪ್ಪನ ಲೆಕ್ಕವನ್ನೂ ಇಲ್ಲಿಗೆ ತರಬೇಡಿ. ಅವರಿಗೆ ಜನವರಿ ಮತ್ತು ಜುಲೈನಲ್ಲಿ 15 ದಿನಗಳಂತೆ ಜಮಾ ಆಗಿ, 300ರವರೆಗೆ ಸೇರುತ್ತಾ ಹೋಗುತ್ತದೆ. ಖಾಸಗಿ ಕಂಪನಿಯ ಮಿತಿ ಅಷ್ಟು ದೊಡ್ಡದಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮೊದಲು 30 ದಿನ ಉಳಿಸಿಕೊಳ್ಳಲು ಬಿಡುತ್ತಿತ್ತು, ತಿದ್ದುಪಡಿಯ ನಂತರ ಅದು 45 ಆಗಿದೆ.

ಬೆಂಗಳೂರಿನ ಒಂದು ಕಂಪನಿಯ ಅಕೌಂಟೆಂಟ್ ಒಬ್ಬರನ್ನು ಊಹಿಸಿಕೊಳ್ಳಿ. ಜನವರಿ 1ಕ್ಕೆ ಅವರ ಖಾತೆಯಲ್ಲಿ 40 ದಿನ ರಜೆ ಇದೆ. ಪ್ರತಿ ತಿಂಗಳ ಕೊನೆಗೆ ಒಂದೂವರೆ ದಿನ ಸೇರುತ್ತದೆ, ವರ್ಷಕ್ಕೆ 18. ನವೆಂಬರಿನಲ್ಲಿ ತಂಗಿಯ ಮದುವೆಗೆ 10 ದಿನ ತೆಗೆದುಕೊಂಡರು. ನಿಯಮ ‘ವರ್ಷಾಂತ್ಯಕ್ಕೆ 45 ದಿನ ಮಾತ್ರ ಮುಂದಿನ ವರ್ಷಕ್ಕೆ ಹೋಗುತ್ತದೆ’ ಎಂದಿದ್ದರೆ 40ಕ್ಕೆ 18 ಸೇರಿಸಿ 10 ಕಳೆದಾಗ 48 ಉಳಿಯುತ್ತದೆ. ಅದರಲ್ಲಿ 45 ಮುಂದಕ್ಕೆ ಹೋಗಿ, ಮೂರು ದಿನ ಮಾತ್ರ ಹೊರಗುಳಿಯುತ್ತವೆ.

ಅದೇ ನಿಯಮ ‘ಯಾವುದೇ ಸಮಯದಲ್ಲಿ ರಜೆ 45 ದಿನ ಮೀರುವಂತಿಲ್ಲ’ ಎಂದಿದ್ದರೆ ಲೆಕ್ಕ ಬೇರೆ. ಮಾರ್ಚ್ ಕೊನೆಗೆ 44.5 ಆಗುತ್ತದೆ. ಏಪ್ರಿಲಿನಲ್ಲಿ ಅರ್ಧ ದಿನ ಮಾತ್ರ ಸೇರಿ 45ಕ್ಕೆ ಬಂದು ನಿಲ್ಲುತ್ತದೆ, ಅಕ್ಟೋಬರಿನವರೆಗೂ ಒಂದು ದಿನವೂ ಸೇರುವುದಿಲ್ಲ. ಮದುವೆಗೆ 10 ದಿನ ಹೋದ ಮೇಲೆ 35, ಆಮೇಲಿನ ಎರಡು ಜಮಾ ಸೇರಿ ವರ್ಷಾಂತ್ಯಕ್ಕೆ 38. ದುಡಿದದ್ದೂ ತೆಗೆದುಕೊಂಡದ್ದೂ ಅಷ್ಟೇ, ಆದರೆ ಏಳು ದಿನ ಕಡಿಮೆ. ಆ ಮದುವೆ ಏಪ್ರಿಲ್ ಮೊದಲ ವಾರದಲ್ಲಿದ್ದಿದ್ದರೆ ಆ ಏಳು ದಿನ ಕಡಿಮೆಯಾಗುತ್ತಿರಲಿಲ್ಲ. ಇಂಥ ಕಂಪನಿಯಲ್ಲಿ ಮಿತಿ ಮುಟ್ಟುವ ಮೊದಲೇ ರಜೆ ತೆಗೆಯಬೇಕು, ಡಿಸೆಂಬರಿಗೆ ಕಾದರೆ ತಡವಾಗಿರುತ್ತದೆ. ನಿಮ್ಮಲ್ಲಿ ಯಾವುದಿದೆ ಎಂದು ತಿಳಿಯಲು ರಜೆಯ ಖಾತೆಯ ತಿಂಗಳುವಾರು ಜಮಾ ನೋಡಿ. ನಡುವೆ ಸೊನ್ನೆಯ ಸಾಲುಗಳಿದ್ದರೆ ಜಮಾ ನಿಂತಿದೆ ಎಂದು ಅರ್ಥ.

ಹೊರಗುಳಿದ ಆ ಮೂರು ದಿನಗಳಿಗೆ ಕೆಲವು ಕಂಪನಿಗಳು ತಾವಾಗಿಯೇ ಹಣ ಕೊಡುತ್ತವೆ. ಕೆಲವು ಕಡೆ ಗೊತ್ತಾದ ದಿನದೊಳಗೆ ಅರ್ಜಿ ಹಾಕಬೇಕು, ಹಾಕದಿದ್ದರೆ ಲ್ಯಾಪ್ಸ್. ‘ಆಡಳಿತದ ವಿವೇಚನೆಗೆ ಒಳಪಟ್ಟು’ ಎಂದು ಬರೆದಿದ್ದರೆ ಆ ಹಣವನ್ನು ನಂಬಿ ಖರ್ಚಿನ ಲೆಕ್ಕ ಹಾಕಬೇಡಿ.

ಹಣದ ಭಾಗದಲ್ಲಿ ಹುಡುಕಬೇಕಾದದ್ದು ಒಂದು ದಿನದ ಬೆಲೆ. ನಮ್ಮ ಅಕೌಂಟೆಂಟಿಗೆ ತಿಂಗಳ ಒಟ್ಟು ಸಂಬಳ 60,000, ಅದರಲ್ಲಿ ಬೇಸಿಕ್ 24,000 ಎಂದಿಟ್ಟುಕೊಳ್ಳಿ. 45 ದಿನ ಉಳಿಸಿಕೊಂಡು ಕೆಲಸ ಬಿಟ್ಟರು. ಬೇಸಿಕ್ಕನ್ನು 30ರಿಂದ ಭಾಗಿಸಿದರೆ ದಿನಕ್ಕೆ 800, ಒಟ್ಟು 36,000 ರೂಪಾಯಿ. 26ರಿಂದ ಭಾಗಿಸಿದರೆ ಸುಮಾರು 41,500. ಒಟ್ಟು ಸಂಬಳವನ್ನೇ 30ರಿಂದ ಭಾಗಿಸುವ ಕಂಪನಿಯಾದರೆ 90,000! ರಜೆ ಹಾಕಿ ಮನೆಯಲ್ಲಿದ್ದರೆ ಆ ದಿನಕ್ಕೆ ಪೂರ್ತಿ ಸಂಬಳ, ಮಾರಿದರೆ ಬೇಸಿಕ್ ಮಾತ್ರ ಎಂಬ ಕಡೆ ರಜೆ ಮಾರುವುದಕ್ಕಿಂತ ತೆಗೆದುಕೊಳ್ಳುವುದೇ ಲಾಭ ಎನ್ನುವುದು ನನ್ನ ಅಭಿಪ್ರಾಯ. ಕೆಲಸದಲ್ಲಿದ್ದಾಗಲೇ ಪಡೆದ ರಜೆ ಹಣಕ್ಕೆ ಪೂರ್ತಿ ಆದಾಯ ತೆರಿಗೆ ಬೀಳುತ್ತದೆ. ನಿವೃತ್ತಿಯಲ್ಲೋ ಕೆಲಸ ಬಿಡುವಾಗಲೋ ಬಂದದ್ದಕ್ಕೆ ಖಾಸಗಿ ನೌಕರರಿಗೆ ವಿನಾಯಿತಿ ಇದೆ. 2023ರಲ್ಲಿ ಅದರ ಗರಿಷ್ಠ ಮಿತಿಯನ್ನು 3 ಲಕ್ಷದಿಂದ 25 ಲಕ್ಷಕ್ಕೆ ಏರಿಸಲಾಯಿತು. ಇದು ಇಡೀ ಸೇವಾವಧಿಗೆ ಸೇರಿದ ಮಿತಿ, ಕಂಪನಿ ಬದಲಿಸಿದಾಗಲೆಲ್ಲ ಹೊಸದಾಗಿ ಸಿಗುವುದಲ್ಲ.

ಇನ್ನು ಜನವರಿ 1ಕ್ಕೇ ವರ್ಷದ 18 ದಿನವನ್ನೂ ಖಾತೆಗೆ ಹಾಕುವ ಕಂಪನಿಗಳಿವೆ. ನೋಡಲು ಧಾರಾಳ, ಆದರೆ ಅದು ಇನ್ನೂ ದುಡಿಯದ ರಜೆ. ಹೊಸದಾಗಿ ಸೇರಿದವರೊಬ್ಬರು ಮಾರ್ಚಿನೊಳಗೆ 12 ದಿನ ಬಳಸಿ ಏಪ್ರಿಲ್ ಕೊನೆಗೆ ಕೆಲಸ ಬಿಟ್ಟರೆ, ನಾಲ್ಕು ತಿಂಗಳಿಗೆ ಅವರು ಗಳಿಸಿದ್ದು ಆರೇ ದಿನ. ಮಿಕ್ಕ ಆರು ದಿನದ ಸಂಬಳವನ್ನು ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಹಿಡಿದುಕೊಳ್ಳುತ್ತಾರೆ. ರಾಜೀನಾಮೆ ಪತ್ರ ಕೊಡುವ ಮುಂಚೆ ಎಚ್‌ಆರ್‌ ಬಳಿ ‘ಬ್ಯಾಲೆನ್ಸ್ ಎಷ್ಟು’ ಎಂದು ಕೇಳುವ ಬದಲು ‘ಇವತ್ತಿನವರೆಗೆ ಗಳಿಸಿದ್ದು ಎಷ್ಟು, ನೋಟಿಸ್ ಅವಧಿಯಲ್ಲೂ ಜಮಾ ಆಗುತ್ತದೆಯೇ’ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಿ.